ನೋಟಿಸ್ ಪೂರೈಸದೆ ಹೊರಟರೆ ಫೈನಲ್ ಸೆಟಲ್‌ಮೆಂಟ್‌ನಲ್ಲಿ ಎಷ್ಟು ಹೋಗುತ್ತದೆ: ಯಾವ ದಾರಿ ಯಾರಿಗೆ ಒಳ್ಳೆಯದು

ಹೊಸ ಕಂಪನಿ 45 ದಿನದಲ್ಲಿ ಬಂದು ಸೇರಿ ಎನ್ನುತ್ತದೆ. ಈಗಿನ ಕಂಪನಿಯ ನೇಮಕಾತಿ ಪತ್ರದಲ್ಲಿ 90 ದಿನ ನೋಟಿಸ್ ಎಂದಿದೆ. ಉಳಿದ 45 ದಿನದ ಬೆಲೆಯನ್ನು ಯಾರಾದರೂ ಕಟ್ಟಲೇಬೇಕು. ಕಟ್ಟುವುದಕ್ಕೆ ದಾರಿಗಳು ಐದು: ನೋಟಿಸ್ ಪೂರ್ತಿ ಮುಗಿಸುವುದು, ಶಾರ್ಟ್‌ಫಾಲ್ ಹಣವನ್ನು ಸೆಟಲ್‌ಮೆಂಟ್‌ನಿಂದ ಕಡಿತವಾಗಲು ಬಿಡುವುದು, ಉಳಿದಿರುವ ರಜೆಯನ್ನು ಶಾರ್ಟ್‌ಫಾಲ್‌ಗೆ ಹೊಂದಿಸುವುದು, ಹೊಸ ಕಂಪನಿಯಿಂದ ಬೈಔಟ್ ಪಡೆಯುವುದು, ಈಗಿನ ಕಂಪನಿಯಿಂದಲೇ ಮನ್ನಾ ಮಾಡಿಸಿಕೊಳ್ಳುವುದು. ಬೆಂಗಳೂರಿನ ಖಾಸಗಿ ಕಂಪನಿಯೊಂದರ ಸಾಮಾನ್ಯ ಸಂಬಳದ ಲೆಕ್ಕವೊಂದನ್ನು ಹಿಡಿದು ಇವನ್ನು ತೂಗಿ ನೋಡೋಣ. ಅದಕ್ಕೂ ಮುಂಚೆ ನೇಮಕಾತಿ ಪತ್ರದ ಒಂದು ಸಾಲನ್ನು ಸರಿಯಾಗಿ ಓದಬೇಕು, ಏಕೆಂದರೆ ಐದರಲ್ಲಿ ಯಾವುದು ನಿಮಗೆ ತೆರೆದಿದೆ ಎಂಬುದನ್ನು ಆ ಸಾಲೇ ಹೇಳುತ್ತದೆ.

ಮೊದಲು ಓದಬೇಕಾದ ಸಾಲು

ಕೆಲವು ಪತ್ರಗಳಲ್ಲಿ ‘ಎರಡೂ ಕಡೆಯವರು 90 ದಿನದ ನೋಟಿಸ್ ಅಥವಾ ಅಷ್ಟು ದಿನದ ಸಂಬಳ ಕೊಟ್ಟು ಒಪ್ಪಂದ ಮುಗಿಸಬಹುದು’ ಎಂದಿರುತ್ತದೆ. ಹಾಗಿದ್ದರೆ ಹಣ ಕಟ್ಟಿ ಹೊರಡುವ ಹಕ್ಕು ನಿಮಗೂ ಇದೆ. ಇನ್ನು ಕೆಲವು ಪತ್ರಗಳಲ್ಲಿ ‘ಕಂಪನಿ ತನ್ನ ವಿವೇಚನೆಯಂತೆ ನೋಟಿಸ್ ಬದಲು ಹಣ ಸ್ವೀಕರಿಸಬಹುದು’ ಎಂದಿರುತ್ತದೆ. ಇಲ್ಲಿ ಹಣ ತೆಗೆದುಕೊಳ್ಳುವ ಆಯ್ಕೆ ಕಂಪನಿಯದು. ನೀವು ಕಟ್ಟುತ್ತೇನೆ ಎಂದ ಮಾತ್ರಕ್ಕೆ ಬಿಡುಗಡೆ ಸಿಕ್ಕಂತಾಗುವುದಿಲ್ಲ. ಬಹಳ ಜನ ಈ ಎರಡನ್ನೂ ಒಂದೇ ಎಂದುಕೊಂಡು ಹೊಸ ಕಂಪನಿಗೆ ಸೇರುವ ದಿನಾಂಕ ಕೊಟ್ಟುಬಿಡುತ್ತಾರೆ. ಆಮೇಲೆ ಎಚ್‌ಆರ್ ‘ಹಣ ಬೇಡ, ದಿನ ಪೂರೈಸಿ’ ಎಂದಾಗ ಎರಡು ಕಂಪನಿಗಳ ನಡುವೆ ಸಿಕ್ಕಿಕೊಳ್ಳುತ್ತಾರೆ.

ಅದೇ ಸಾಲಿನಲ್ಲಿ ಇನ್ನೊಂದು ಪದ ನೋಡಿ: ‘ಸಂಬಳ’ ಎಂದರೆ ಬೇಸಿಕ್ಕೋ, ಗ್ರಾಸ್ಸೋ, ಸಿಟಿಸಿಯೋ. ಮುಂದಿನ ಇಡೀ ಲೆಕ್ಕ ಈ ಪದದ ಮೇಲೆ ನಿಂತಿದೆ. ಪತ್ರದಲ್ಲಿ ಸ್ಪಷ್ಟವಿಲ್ಲದಿದ್ದರೆ ಕಂಪನಿಯ ಸೆಪರೇಶನ್ ಪಾಲಿಸಿಯಲ್ಲಿ ಹುಡುಕಿ. ಅಲ್ಲೂ ಇಲ್ಲದಿದ್ದರೆ, ರಾಜೀನಾಮೆ ಕೊಡುವ ಮುಂಚೆಯೇ ‘ಶಾರ್ಟ್‌ಫಾಲ್ ಲೆಕ್ಕ ಯಾವುದರ ಮೇಲೆ’ ಎಂದು ಎಚ್‌ಆರ್‌ಗೆ ಮೇಲ್ ಹಾಕಿ ಉತ್ತರ ಪಡೆಯಿರಿ. ರಾಜೀನಾಮೆ ಕೊಟ್ಟ ಮೇಲೆ ಕೇಳಿದರೆ ಕಂಪನಿಗೆ ಅನುಕೂಲವಾದ ಉತ್ತರ ಬರುವುದೇ ಹೆಚ್ಚು.

ನೌಕರ ಎಷ್ಟು ದಿನ ನೋಟಿಸ್ ಕೊಡಬೇಕು ಎಂದು ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುವುದಿಲ್ಲ. ಆರು ತಿಂಗಳು ಸತತ ದುಡಿದವರನ್ನು ತೆಗೆಯುವಾಗ ಒಂದು ತಿಂಗಳ ನೋಟಿಸ್ ಕೊಡಬೇಕೆಂಬ ಹೊಣೆಯನ್ನು ಅದು ಮಾಲೀಕರ ಮೇಲೆ ಹಾಕುತ್ತದೆ. ನಿಮ್ಮ 90 ದಿನ ಬಂದಿರುವುದು ನೀವು ಸಹಿ ಹಾಕಿದ ಒಪ್ಪಂದದಿಂದ. ಹಾಗಾಗಿ ಅದರ ಮಾತುಗಳೇ ಇಲ್ಲಿ ಮುಖ್ಯ.

ದಿನ ಎಣಿಸುವುದು

ಸೆಪ್ಟೆಂಬರ್ 1ಕ್ಕೆ ರಾಜೀನಾಮೆ ಕೊಟ್ಟಿರಿ ಎನ್ನೋಣ. ಮರುದಿನವನ್ನು ಮೊದಲ ದಿನ ಎಂದು ಹಿಡಿದರೆ 90ನೇ ದಿನ ನವೆಂಬರ್ 30. ನೀವು ಹೊರಡಬೇಕೆಂದಿರುವುದು 45ನೇ ದಿನ, ಅಂದರೆ ಅಕ್ಟೋಬರ್ 16. ಹಾಗಾದರೆ ಶಾರ್ಟ್‌ಫಾಲ್ ಅಕ್ಟೋಬರ್ 17ರಿಂದ ನವೆಂಬರ್ 30ರವರೆಗೆ 45 ದಿನ. ಭಾನುವಾರ, ಹಬ್ಬದ ರಜೆ ಎಲ್ಲವೂ ಸೇರಿದ ಕ್ಯಾಲೆಂಡರ್ ದಿನಗಳಿವು. ಎಣಿಕೆ ಕ್ಯಾಲೆಂಡರ್ ದಿನದ್ದೇ ಎಂಬುದನ್ನೂ ಪಾಲಿಸಿಯಲ್ಲಿ ಖಚಿತಪಡಿಸಿಕೊಳ್ಳಿ.

ತಪ್ಪು ಹೆಚ್ಚಾಗಿ ಆಗುವುದು ಶುರುವಿನ ದಿನಾಂಕದಲ್ಲಿ. ನೀವು ಮೇಲ್ ಕಳಿಸಿದ್ದು 1ಕ್ಕೆ, ಮ್ಯಾನೇಜರ್ ಪೋರ್ಟಲ್‌ನಲ್ಲಿ ಒಪ್ಪಿದ್ದು 5ಕ್ಕೆ ಆದರೆ ಕೆಲವು ಪೇರೋಲ್ ತಂಡಗಳು 5ರಿಂದ ಎಣಿಸುತ್ತವೆ. ನಾಲ್ಕು ದಿನದ ಹಣ ಸುಮ್ಮನೆ ಹೋಗುತ್ತದೆ. ಆದ್ದರಿಂದ ರಾಜೀನಾಮೆಯನ್ನು ಪೋರ್ಟಲ್‌ನಲ್ಲೂ ಮೇಲ್‌ನಲ್ಲೂ ಒಂದೇ ದಿನ ಹಾಕಿ, ಮೇಲ್‌ನ ಪ್ರತಿಯನ್ನು ವೈಯಕ್ತಿಕ ಖಾತೆಗೂ ಕಳಿಸಿಕೊಳ್ಳಿ. ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಅಷ್ಟು ದಿನ ಕೊನೆಯ ದಿನಾಂಕ ಮುಂದಕ್ಕೆ ಹೋಗುವ ನಿಯಮವೂ ಹಲವು ಕಡೆ ಇದೆ. ಅದನ್ನು ಗಮನಿಸದೆ ಊರಿಗೆ ಹೋಗಿಬಂದವರಿಗೆ ಶಾರ್ಟ್‌ಫಾಲ್ ಹೆಚ್ಚಾಗಿರುವುದು ಸ್ಟೇಟ್‌ಮೆಂಟ್ ಬಂದಾಗಲೇ ಗೊತ್ತಾಗುತ್ತದೆ.

ಒಂದೇ ಸಂಬಳ, ನಾಲ್ಕು ಫಲ

ಈಗಿನ ಗ್ರಾಸ್ ತಿಂಗಳಿಗೆ 1,20,000 ರೂಪಾಯಿ, ಬೇಸಿಕ್ 60,000. ಹೊಸ ಕಂಪನಿಯಲ್ಲಿ ಗ್ರಾಸ್ 1,50,000. ಖಾತೆಯಲ್ಲಿ 18 ದಿನ ಅರ್ನ್ಡ್ ಲೀವ್ ಇದೆ. ತಿಂಗಳನ್ನು 30 ದಿನವೆಂದು ಭಾಗಿಸಿದರೆ ಒಂದು ದಿನಕ್ಕೆ ಬೇಸಿಕ್ 2,000, ಗ್ರಾಸ್ 4,000, ಹೊಸ ಗ್ರಾಸ್ 5,000. ರಜೆಯ ಎನ್‌ಕ್ಯಾಶ್‌ಮೆಂಟ್ ಬೇಸಿಕ್ ಮೇಲೆ ಎಂದು ಹಿಡಿಯೋಣ, ಹೆಚ್ಚಿನ ಕಡೆ ಹಾಗೆಯೇ ಇದೆ. ಅಲ್ಲಿಗೆ 18 ದಿನಕ್ಕೆ 36,000.

ಅಕ್ಟೋಬರ್ 17ರಿಂದ ನವೆಂಬರ್ 30ರವರೆಗಿನ 45 ದಿನದಲ್ಲಿ, ತೆರಿಗೆ ಕಳೆಯುವ ಮುಂಚೆ, ನಿಮ್ಮ ಕೈಗೆ ಒಟ್ಟು ಎಷ್ಟು ಬರುತ್ತದೆ ನೋಡಿ:

| ದಾರಿ | ಲೆಕ್ಕ | ಒಟ್ಟು |
|---|---|---|
| ಪೂರ್ತಿ ನೋಟಿಸ್ | 1,80,000 + 36,000 | 2,16,000 |
| ಬೇಸಿಕ್ ಮೇಲೆ ಕಡಿತ | 2,25,000 − 90,000 + 36,000 | 1,71,000 |
| ಗ್ರಾಸ್ ಮೇಲೆ ಕಡಿತ | 2,25,000 − 1,80,000 + 36,000 | 81,000 |
| ಗ್ರಾಸ್ ಮೇಲೆ ಕಡಿತ, ರಜೆ ಹೊಂದಾಣಿಕೆ | 2,25,000 − 1,08,000 | 1,17,000 |

ಸಂಬಳ ಕಾಲು ಭಾಗ ಏರಿದರೂ, ಸ್ವಂತ ಹಣ ಕಟ್ಟಿ ಬೇಗ ಹೊರಟವರು ಆ 45 ದಿನದ ಮಟ್ಟಿಗೆ ನಷ್ಟದಲ್ಲೇ ಇರುತ್ತಾರೆ. ಬೇಸಿಕ್ ಲೆಕ್ಕವಾದರೆ 45,000, ಗ್ರಾಸ್ ಲೆಕ್ಕವಾದರೆ 1,35,000 ರೂಪಾಯಿ. ಹಾಗಾಗಿ ಬೇಗ ಸೇರದಿದ್ದರೆ ಆ ಕೆಲಸವೇ ಕೈತಪ್ಪುತ್ತದೆ ಎಂಬಂತಹ ಸ್ಥಿತಿ ಇದ್ದರೆ ಮಾತ್ರ ಸ್ವಂತ ಹಣದಿಂದ ಕಟ್ಟುವುದಕ್ಕೆ ಅರ್ಥವಿದೆ. ಹೊಸ ಕಂಪನಿ ಕಾಯುವುದಕ್ಕೆ ಸಿದ್ಧವಿದ್ದರೆ ಪೂರ್ತಿ ನೋಟಿಸ್ ಮುಗಿಸುವುದೇ ಲಾಭ. ಗ್ರ್ಯಾಚುಯಿಟಿಯ ಐದು ವರ್ಷಕ್ಕೋ ಬೋನಸ್ ದಿನಾಂಕಕ್ಕೋ ಕೆಲವೇ ವಾರ ಉಳಿದಿರುವವರಿಗಂತೂ ಇದರಲ್ಲಿ ಎರಡನೇ ಮಾತೇ ಇಲ್ಲ.

ಕಂಪನಿ ಸಿಟಿಸಿ ಮೇಲೆ ಕಡಿತ ಮಾಡುತ್ತೇನೆ ಎಂದರೆ ಪ್ರಶ್ನಿಸಿ. ಸಿಟಿಸಿಯಲ್ಲಿ ಕಂಪನಿ ಪಾಲಿನ ಪಿಎಫ್, ಗ್ರ್ಯಾಚುಯಿಟಿಗೆ ಎತ್ತಿಡುವ ಮೊತ್ತ, ಗುಂಪು ವಿಮೆಯ ಕಂತು ಸೇರಿರುತ್ತವೆ. ಅವು ಸಂಬಳವಾಗಿ ನಿಮ್ಮ ಕೈಗೆ ಬಂದೇ ಇರುವುದಿಲ್ಲ. ಪತ್ರದಲ್ಲಿ ‘ಸಂಬಳ’ ಎಂದಷ್ಟೇ ಇದ್ದಾಗ ಅದನ್ನು ಸಿಟಿಸಿ ಎಂದು ಓದುವುದಕ್ಕೆ ಆಧಾರವಿಲ್ಲ.

ರಜೆಯನ್ನು ಹೊಂದಿಸುವುದು ಯಾವಾಗ ಲಾಭ

ಪಟ್ಟಿಯ ಕೊನೆಯ ಎರಡು ಸಾಲು ನೋಡಿದರೆ ರಜೆ ಹೊಂದಾಣಿಕೆಯಿಂದ 36,000 ರೂಪಾಯಿ ಉಳಿದಿದೆ. ಕಾರಣ ಸರಳ. ಕಂಪನಿ ನಿಮ್ಮ ಒಂದು ದಿನದ ರಜೆಯನ್ನು 2,000ಕ್ಕೆ ಕೊಳ್ಳುತ್ತದೆ, ಒಂದು ದಿನದ ನೋಟಿಸನ್ನು ನಿಮಗೆ 4,000ಕ್ಕೆ ಮಾರುತ್ತದೆ. ದಿನಕ್ಕೆ ದಿನ ಎಂದು ಹೊಂದಿಸಿಕೊಂಡರೆ ಈ ವ್ಯತ್ಯಾಸ ನಿಮ್ಮ ಕಡೆಗೆ ಬರುತ್ತದೆ. ಎರಡೂ ಬೇಸಿಕ್ ಮೇಲೆಯೇ ಇದ್ದರೆ ಯಾವ ವ್ಯತ್ಯಾಸವೂ ಇಲ್ಲ. 90,000 ಕಡಿದು 36,000 ಕೊಟ್ಟರೂ ಅಷ್ಟೇ, 27 ದಿನಕ್ಕೆ 54,000 ಕಡಿದರೂ ಅಷ್ಟೇ. ಆಗ ಇದಕ್ಕಾಗಿ ಎಚ್‌ಆರ್ ಜತೆ ಜಗ್ಗಾಡುವ ಅಗತ್ಯವಿಲ್ಲ, ಮಾತುಕತೆಯ ಬಲವನ್ನು ಮನ್ನಾಕ್ಕೆ ಉಳಿಸಿಕೊಳ್ಳಿ.

ಇದನ್ನು ಕೇಳುವಾಗ ಮಾತು ಸ್ಪಷ್ಟವಾಗಿರಲಿ. ‘ನನ್ನ ಅರ್ನ್ಡ್ ಲೀವ್ ಬಳಸುತ್ತೇನೆ’ ಎಂದರೆ ಎಚ್‌ಆರ್ ಅದನ್ನು ನೋಟಿಸ್ ಅವಧಿಯೊಳಗೆ ರಜೆ ಹಾಕುವುದು ಎಂದು ತಿಳಿಯಬಹುದು. ಹಾಗಾದರೆ ರಜೆ ಮುಗಿಯುವವರೆಗೂ ನೀವು ಅದೇ ಕಂಪನಿಯ ನೌಕರರು. ಆ ದಿನಗಳಿಗೆ ಗ್ರಾಸ್ ಸಂಬಳ ಬರುತ್ತದೆ ನಿಜ, ಆದರೆ ಅಷ್ಟರಲ್ಲಿ ಹೊಸ ಕಂಪನಿ ಸೇರುವಂತಿಲ್ಲ. ಸೇರಿದರೆ ಪಿಎಫ್ ದಾಖಲೆಯಲ್ಲಿ ಎರಡೂ ಕಂಪನಿಗಳ ದಿನಾಂಕ ಒಂದರ ಮೇಲೊಂದು ಬೀಳುತ್ತದೆ, ಹಿನ್ನೆಲೆ ಪರಿಶೀಲನೆಯಲ್ಲಿ ಅದು ಮೊದಲು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ‘ಅಕ್ಟೋಬರ್ 16 ನನ್ನ ಕೊನೆಯ ಕೆಲಸದ ದಿನ, ಶಾರ್ಟ್‌ಫಾಲ್ 45 ದಿನದಲ್ಲಿ 18 ದಿನಕ್ಕೆ ರಜೆ ಹೊಂದಿಸಿ, ಉಳಿದ 27 ದಿನಕ್ಕೆ ಮಾತ್ರ ರಿಕವರಿ ಮಾಡಿ’ ಎಂದು ಸಂಖ್ಯೆ ಸಮೇತ ಬರೆಯಿರಿ. ಕ್ಯಾಶುಯಲ್ ಮತ್ತು ಸಿಕ್ ಲೀವ್ ಸಾಮಾನ್ಯವಾಗಿ ಇದಕ್ಕೆ ಬರುವುದಿಲ್ಲ. ರಾಜೀನಾಮೆಗೆ ಮುಂಚೆ ರಜೆ ಬಾಕಿಯ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುವುದು ಒಳ್ಳೆಯದು, ಲಾಗಿನ್ ಮುಚ್ಚಿದ ಮೇಲೆ ಅದನ್ನು ತೋರಿಸಲು ಬೇರೆ ದಾರಿ ಇರುವುದಿಲ್ಲ.

ಹೊಸ ಕಂಪನಿಯ ಬೈಔಟ್: ತೆರಿಗೆ ಸೇರಿಸಿ ನೋಡಿ

ಹೊಸ ಕಂಪನಿ ‘ನೋಟಿಸ್ ಬೈಔಟ್ ಕೊಡುತ್ತೇವೆ’ ಎಂದರೆ ಹಣ ಹಳೆಯ ಕಂಪನಿಗೆ ನೇರ ಹೋಗುವುದು ಅಪರೂಪ. ಮೊದಲು ನಿಮ್ಮ ಸೆಟಲ್‌ಮೆಂಟ್‌ನಿಂದ ಕಡಿತವಾಗುತ್ತದೆ. ನೀವು ಸ್ಟೇಟ್‌ಮೆಂಟ್ ತೋರಿಸಿದ ಮೇಲೆ ಹೊಸ ಕಂಪನಿ ಅದನ್ನು ಸಂಬಳದ ಜತೆ ಕೊಡುತ್ತದೆ. ಆ ಮೊತ್ತ ಸಂಬಳದ ಆದಾಯವೇ ಆಗುತ್ತದೆ, ಟಿಡಿಎಸ್ ಹಿಡಿಯುತ್ತಾರೆ.

ಬೋನಸ್ ಎಲ್ಲ ಸೇರಿ ನಿಮ್ಮ ಆದಾಯ ಹೊಸ ತೆರಿಗೆ ಪದ್ಧತಿಯ 20% ಸ್ತರಕ್ಕೆ ಬಂದಿದೆ ಎನ್ನೋಣ. ಸೆಸ್ ಸೇರಿ 20.8%. ಹಾಗಾದರೆ 90,000 ಬೈಔಟ್‌ನಲ್ಲಿ 18,720 ತೆರಿಗೆಗೆ ಹೋಗಿ ಕೈಗೆ 71,280 ಬರುತ್ತದೆ. ಪೂರ್ತಿ ಭರ್ತಿ ಆಗಬೇಕಾದರೆ ಅವರು ಸುಮಾರು 1,13,600 ಕೊಡಬೇಕು. ಆಫರ್ ಮಾತುಕತೆಯಲ್ಲಿ ‘ಬೈಔಟ್ ಮೊತ್ತ ತೆರಿಗೆ ಕಳೆದ ಮೇಲಿನದೋ, ಮುಂಚಿನದೋ’ ಎಂದು ಕೇಳಿ ಪತ್ರದಲ್ಲೇ ಬರೆಸಿಕೊಳ್ಳಿ. ಬೈಔಟ್‌ಗೆ ಮೇಲ್ಮಿತಿ ಇದೆಯೇ, ಬೇಸಿಕ್ ಮೇಲೋ ಗ್ರಾಸ್ ಮೇಲೋ, ಒಂದು ವರ್ಷದೊಳಗೆ ಬಿಟ್ಟರೆ ಮರಳಿ ಕೊಡಬೇಕೇ ಎಂಬುದೂ ಅದೇ ಪತ್ರದಲ್ಲಿರಲಿ.

ಇನ್ನೊಂದು ಕಡೆಯಿಂದಲೂ ತೆರಿಗೆ ಕಚ್ಚುತ್ತದೆ. ಹಳೆಯ ಕಂಪನಿ 90,000 ಕಡಿದುಕೊಂಡರೂ ಫಾರ್ಮ್ 16ರಲ್ಲಿ ಸಂಬಳವನ್ನು ಕಡಿತಕ್ಕೆ ಮುಂಚಿನ ಮೊತ್ತವಾಗಿಯೇ ತೋರಿಸುವುದು ರೂಢಿ. ಅಂದರೆ ಕೈಗೆ ಬಾರದ ಹಣಕ್ಕೂ ತೆರಿಗೆ ಕಟ್ಟಿದಂತಾಯಿತು. ಹೀಗೆ ಕಡಿತವಾದ ಮೊತ್ತವನ್ನು ಬಿಟ್ಟು, ನಿಜವಾಗಿ ಪಡೆದ ಸಂಬಳಕ್ಕೆ ಮಾತ್ರ ತೆರಿಗೆ ಎಂದು ಅಹಮದಾಬಾದಿನ ಆದಾಯ ತೆರಿಗೆ ನ್ಯಾಯಮಂಡಳಿ 2017ರಲ್ಲಿ ಹೇಳಿದೆ. ಅದರ ಆಧಾರದಲ್ಲಿ ರಿಟರ್ನ್‌ನಲ್ಲಿ ಕಳೆದು ತೋರಿಸುವವರಿದ್ದಾರೆ. ಆದರೆ ಫಾರ್ಮ್ 16ರ ಅಂಕಿಗೂ ರಿಟರ್ನ್‌ಗೂ ತಾಳೆಯಾಗದೆ ಇಲಾಖೆಯಿಂದ ಪತ್ರ ಬರಬಹುದು, ಉತ್ತರಿಸಲು ಸೆಟಲ್‌ಮೆಂಟ್ ಸ್ಟೇಟ್‌ಮೆಂಟ್ ಕೈಯಲ್ಲಿರಬೇಕು. ನಮ್ಮ ಸಲಹೆ: ಕಡಿತವನ್ನು ಕಳೆದೇ ಫಾರ್ಮ್ 16 ಕೊಡುವಂತೆ ಪೇರೋಲ್ ತಂಡವನ್ನು ಮೊದಲು ಕೇಳಿ. ಅವರು ಒಪ್ಪದಿದ್ದರೆ ತೆರಿಗೆ ಸಲಹೆಗಾರರ ಜತೆ ಮಾತಾಡಿ ಮುಂದುವರಿಯಿರಿ.

ಈ ಎರಡೂ ತೆರಿಗೆಯನ್ನು ಸೇರಿಸಿದರೆ ಬೈಔಟ್ ಎಷ್ಟು ಲಾಭ? ರಜೆ ಎನ್‌ಕ್ಯಾಶ್‌ಮೆಂಟ್‌ಗೆ ತೆರಿಗೆ ಇಲ್ಲವೆಂದು ಹಿಡಿಯೋಣ. ಖಾಸಗಿ ನೌಕರರಿಗೆ ಕೆಲಸ ಬಿಡುವಾಗಿನ ವಿನಾಯಿತಿಯ ಗರಿಷ್ಠ ಮಿತಿ 2023ರಿಂದ 25 ಲಕ್ಷ ಇರುವುದರಿಂದ 36,000ಕ್ಕೆ ತೊಂದರೆಯಿಲ್ಲ. ಪೂರ್ತಿ ನೋಟಿಸ್ ಮುಗಿಸಿದರೆ ತೆರಿಗೆ ಕಳೆದು 1,78,560. ಬೇಸಿಕ್ ಮೇಲೆ ಕಡಿತವಾಗಿ 90,000 ಬೈಔಟ್ ಬಂದರೆ 1,95,480. ಬೈಔಟ್ ಇಲ್ಲದೆ ಹೊರಟರೆ 1,24,200. ತೆರಿಗೆಗೆ ಮುಂಚೆ 45,000 ಲಾಭದಂತೆ ಕಾಣುತ್ತಿದ್ದ ಬೈಔಟ್, ತೆರಿಗೆಯ ನಂತರ ಸುಮಾರು 17,000ಕ್ಕೆ ಇಳಿಯುತ್ತದೆ. ಲಾಭವಂತೂ ಇದೆ, ಆದರೆ ಕಡಿತ ಗ್ರಾಸ್ ಮೇಲಾಗಿ ಬೈಔಟ್ ಬೇಸಿಕ್‌ಗೆ ಸೀಮಿತವಾದರೆ ಅದೂ ಉಳಿಯುವುದಿಲ್ಲ.

ಮನ್ನಾ

ಕಂಪನಿಗೆ ನೀವು ಬೇಗ ಹೋದರೂ ನಷ್ಟವಿಲ್ಲದಾಗ, ಅಂದರೆ ಪ್ರಾಜೆಕ್ಟ್ ಮುಗಿದಿದ್ದಾಗ, ಬೆಂಚ್‌ನಲ್ಲಿದ್ದಾಗ, ನಿಮ್ಮ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದಾಗ ಮನ್ನಾ ಸುಲಭವಾಗಿ ಸಿಗುತ್ತದೆ. ಬರಿಗೈಯಲ್ಲಿ ಕೇಳಬೇಡಿ. ಯಾವ ಕೆಲಸವನ್ನು ಯಾರಿಗೆ ಯಾವ ದಿನಾಂಕದೊಳಗೆ ಒಪ್ಪಿಸುತ್ತೀರಿ ಎಂಬ ಒಂದು ಪುಟದ ಯೋಜನೆಯನ್ನು ಜತೆಗಿಟ್ಟು ಕೇಳಿದರೆ ಮ್ಯಾನೇಜರ್‌ಗೆ ಮೇಲಿನವರನ್ನು ಒಪ್ಪಿಸಲು ಆಧಾರ ಸಿಗುತ್ತದೆ.

ಇಲ್ಲಿ ಮೋಸಹೋಗುವುದು ಬಹುತೇಕ ಒಂದೇ ಕಡೆ. ಬೇಗ ಬಿಡುಗಡೆ ಮಾಡುವುದು ಬೇರೆ, ರಿಕವರಿ ಬಿಟ್ಟುಕೊಡುವುದು ಬೇರೆ. ಮ್ಯಾನೇಜರ್ ಅಕ್ಟೋಬರ್ 16ಕ್ಕೆ ಒಪ್ಪಿದರೆ ಕೊನೆಯ ದಿನಾಂಕ ಮಾತ್ರ ಬದಲಾಗುತ್ತದೆ, ಪೇರೋಲ್ ತನ್ನ ಪಾಡಿಗೆ 45 ದಿನದ ಹಣ ಕಡಿಯುತ್ತದೆ. ‘ಅಯ್ಯೋ, ಮ್ಯಾನೇಜರ್ ಹೂಂ ಅಂದಿದ್ದರಲ್ಲ’ ಎನ್ನುವ ಮಾತಿಗೆ ಆಗ ಬೆಲೆಯಿಲ್ಲ. ‘45 ದಿನದ ಶಾರ್ಟ್‌ಫಾಲ್ ಮನ್ನಾ ಮಾಡಿದೆ, ಸೆಟಲ್‌ಮೆಂಟ್‌ನಲ್ಲಿ ರಿಕವರಿ ಇರುವುದಿಲ್ಲ’ ಎಂಬ ಮಾತು ಎಚ್‌ಆರ್ ಕಡೆಯಿಂದ ಮೇಲ್‌ನಲ್ಲಿ ಬರಬೇಕು. ನೀವು 90 ದಿನಕ್ಕೂ ಸಿದ್ಧರಿದ್ದು, ಕಂಪನಿಯೇ ತನ್ನ ಅನುಕೂಲಕ್ಕೆ ಬೇಗ ಕಳಿಸಿದರೆ ಅದು ನಿಮ್ಮ ಶಾರ್ಟ್‌ಫಾಲ್ ಅಲ್ಲ. ಆದರೆ ಅದೂ ‘ಕಂಪನಿಯ ಕೋರಿಕೆಯಂತೆ’ ಎಂದು ಬರಹದಲ್ಲಿರಲಿ.

ಹೇಳದೆ ಬಿಟ್ಟುಹೋದರೆ

ಇದನ್ನು ನಾವು ದಾರಿಯೆಂದು ಎಣಿಸಿಲ್ಲ. ಇಷ್ಟವಿಲ್ಲದವರನ್ನು ಬಲವಂತವಾಗಿ ದುಡಿಸಲು ಯಾವ ನ್ಯಾಯಾಲಯವೂ ಆದೇಶಿಸುವುದಿಲ್ಲ, ನಿರ್ದಿಷ್ಟ ಪರಿಹಾರ ಕಾಯ್ದೆ ಅದಕ್ಕೆ ಎಡೆ ಕೊಡುವುದಿಲ್ಲ. ಆದರೆ ಹಣದ ಹೊಣೆ ಉಳಿಯುತ್ತದೆ. ಮೂರು ವರ್ಷ ದುಡಿಯದೆ ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತ್ತು; 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಅದು ಸರ್ಕಾರಿ ಬ್ಯಾಂಕಿನ ನೇಮಕಾತಿ ವೆಚ್ಚದ ಹಿನ್ನೆಲೆಯ ತೀರ್ಪು, ಎಲ್ಲ ಖಾಸಗಿ ಬಾಂಡ್‌ಗಳಿಗೂ ಹಾಗೇ ಅನ್ವಯಿಸುತ್ತದೆ ಎಂದಲ್ಲ. ಆದರೂ ‘ಬಾಂಡ್‌ಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ’ ಎಂಬ ಕಟ್ಟೆಮಾತನ್ನು ನಂಬಿ ಹೊರಡಬೇಡಿ. ರಿಲೀವಿಂಗ್ ಲೆಟರ್ ಇಲ್ಲದೆ ಮುಂದಿನ ಪರಿಶೀಲನೆಯಲ್ಲಿ ಸಿಕ್ಕಿಬೀಳುವ ಕಷ್ಟ ಬೇರೆ.

ಸ್ಟೇಟ್‌ಮೆಂಟ್ ಬಂದಾಗ ನೋಡಬೇಕಾದ್ದು

ಸಂಬಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ರಾಜೀನಾಮೆ ಕೊಟ್ಟವರ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಎಂದು ಅದು ಹೇಳುತ್ತದೆ. ಒಂದು ವೇತನ ಅವಧಿಯ ಒಟ್ಟು ಕಡಿತ ಸಂಬಳದ ಅರ್ಧಕ್ಕಿಂತ ಹೆಚ್ಚಿರಬಾರದು ಎಂದೂ ಹೇಳುತ್ತದೆ. ಹಳೆಯ ರೂಢಿಯಂತೆ ರಾಜೀನಾಮೆ ಕೊಟ್ಟ ಕೂಡಲೇ ಸಂಬಳ ತಡೆಹಿಡಿದು 45 ದಿನದ ಮೇಲೆ ಲೆಕ್ಕ ಕೊಡುವ ಕಂಪನಿಗೆ ಈ ಎರಡು ಅಂಶಗಳನ್ನು ಮೇಲ್‌ನಲ್ಲಿ ನೆನಪಿಸಿ.

ಸ್ಟೇಟ್‌ಮೆಂಟ್‌ನಲ್ಲಿ ರಿಕವರಿ ಸಾಲಿನ ಎದುರು ದಿನಗಳ ಸಂಖ್ಯೆ ಮತ್ತು ದಿನದ ದರ ಎರಡೂ ಇರಬೇಕು. ಬರೀ ಮೊತ್ತವಿದ್ದರೆ ಬಿಡಿಸಿ ಕೊಡಲು ಕೇಳಿ. ಜಾಯಿನಿಂಗ್ ಬೋನಸ್ ವಾಪಸಾತಿ, ಲ್ಯಾಪ್‌ಟಾಪ್ ಬಾಕಿ ಇತ್ಯಾದಿ ಅದರೊಳಗೆ ಸೇರಿಹೋಗಿರಬಾರದು. ರಿಕವರಿಯ ಮೇಲೆ 18% ಜಿಎಸ್‌ಟಿ ಎಂಬ ಸಾಲು ಕಂಡರೆ ಒಪ್ಪಬೇಡಿ: ನೋಟಿಸ್ ರಿಕವರಿಗೆ ಜಿಎಸ್‌ಟಿ ಇಲ್ಲ ಎಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಗ್ರ್ಯಾಚುಯಿಟಿಗೆ ಅರ್ಹರಾಗಿದ್ದರೆ ಅದರಿಂದಲೂ ನೋಟಿಸ್ ಹಣ ಕಳೆಯುವಂತಿಲ್ಲ. ಪಿಎಫ್ ಹಣಕ್ಕಂತೂ ಕಂಪನಿ ಕೈ ಹಾಕುವಂತೆಯೇ ಇಲ್ಲ.

ಕಡಿತ ಬರಬೇಕಾದ್ದಕ್ಕಿಂತ ಹೆಚ್ಚಾಗಿ ಸ್ಟೇಟ್‌ಮೆಂಟ್ ಮೈನಸ್ ಬಂದರೆ ಕಂಪನಿ ಬಾಕಿ ಕೇಳುತ್ತದೆ, ಅಲ್ಲಿಯವರೆಗೆ ರಿಲೀವಿಂಗ್ ಲೆಟರ್ ಕೊಡುವುದಿಲ್ಲ. ಕಟ್ಟುವುದಾದರೆ ಬ್ಯಾಂಕ್ ವರ್ಗಾವಣೆಯಲ್ಲೇ ಕಟ್ಟಿ, ಎಂಪ್ಲಾಯಿ ಸಂಖ್ಯೆಯನ್ನು ವಿವರದಲ್ಲಿ ಬರೆಯಿರಿ. ತಕರಾರಿದ್ದೂ ಕಟ್ಟುತ್ತಿದ್ದರೆ ‘ಆಕ್ಷೇಪದೊಂದಿಗೆ ಕಟ್ಟುತ್ತಿದ್ದೇನೆ’ ಎಂದು ಅದೇ ದಿನ ಮೇಲ್ ಹಾಕಿ. ರಿಲೀವಿಂಗ್ ಲೆಟರ್ ಜತೆ ನೋ ಡ್ಯೂಸ್ ಪತ್ರವನ್ನೂ ಕೇಳಿ. ಕೊನೆಯದಾಗಿ ಇಪಿಎಫ್‌ಒ ಸದಸ್ಯರ ಪೋರ್ಟಲ್‌ನಲ್ಲಿ ನಿಮ್ಮ ನಿರ್ಗಮನದ ದಿನಾಂಕ ಅಕ್ಟೋಬರ್ 16 ಎಂದೇ ದಾಖಲಾಗಿದೆಯೇ ನೋಡಿ. ಕಂಪನಿ ಹಾಕದೆ ಬಿಟ್ಟಿದ್ದರೆ, ಅದರ ಕೊನೆಯ ಪಿಎಫ್ ಕಂತು ಬಂದು ಎರಡು ತಿಂಗಳಾದ ಮೇಲೆ Mark Exit ಮೂಲಕ ನೀವೇ ಹಾಕಿಕೊಳ್ಳಬಹುದು.